ನೀ ಎಲ್ಲಿ, ರಿ ಎಲ್ಲಿ: ಕಥೆಯಲ್ಲಿ ಏಕವಚನ–ಬಹುವಚನ ಹದ ತಪ್ಪದಂತೆ ತಿದ್ದುವ ಬಗೆ

ಇಳಕಲ್ಲಿನ ಒಂದು ನೇಕಾರ ಮನೆಯ ಕಥೆ ಬರೆಯುತ್ತಿದ್ದೀರಿ ಅಂತಿಟ್ಟುಕೊಳ್ಳಿ. ನಾಲ್ಕನೇ ಪುಟದಲ್ಲಿ ಮಲ್ಲಪ್ಪ ತನ್ನ ಸಾಲಿ ಗೆಳೆಯ ಈರಣ್ಣನಿಗೆ ‘ಬಾರಲೇ’ ಅನ್ನುತ್ತಾನೆ. ಒಂಬತ್ತನೇ ಪುಟದಲ್ಲಿ ಅದೇ ಈರಣ್ಣನಿಗೆ ‘ರೊಕ್ಕ ಯಾವಾಗ ಕೊಡ್ತೀರಿ?’ ಅಂತ ಕೇಳುತ್ತಾನೆ. ನಡುವೆ ಏನೂ ಆಗಿಲ್ಲ. ನೀವು ಮೂರು ವಾರ ಬಿಟ್ಟು ಮತ್ತೆ ಬರೆಯಲು ಕೂತಿದ್ದೀರಿ, ಅಷ್ಟೇ. ಆದರೆ ಓದುವವರು ಇಬ್ಬರಿಗೂ ಜಗಳ ಆಗಿರಬೇಕೆಂದು ಹಿಂದಿನ ಪುಟ ತಿರುವಿ ನೋಡುತ್ತಾರೆ. ಅವರ ತಪ್ಪಲ್ಲ. ನಮ್ಮ ಕಡೆ ‘ಲೇ’ ಹೋಗಿ ‘ರಿ’ ಬಂತೆಂದರೆ ಏನೋ ಆಗಿದೆ ಅಂತಲೇ ಅರ್ಥ.

ಇದನ್ನು ತಿದ್ದಲು ಹೊರಟವರು ಸಾಮಾನ್ಯವಾಗಿ ನೀನು, ನೀವು, ಅವನು, ಅವರು ಎಂಬ ನಾಲ್ಕು ಪದ ಹುಡುಕಿ ಸರಿ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮಾತಿನಲ್ಲಿ ಇದು ಸಾಲುವುದಿಲ್ಲ. ಆ ಮಾತಿನಲ್ಲಿ ಬಹಳ ಸಲ ಸರ್ವನಾಮವೇ ಇರುವುದಿಲ್ಲ. ‘ಉಂಡ್ಯೇನು?’, ‘ಉಂಡ್ರೇನು?’, ‘ಹೌದ್ರಿ’, ‘ತಡಿಯೋ’ ಇವುಗಳಲ್ಲಿ ನೀನೂ ಇಲ್ಲ, ನೀವೂ ಇಲ್ಲ. ಸಲಿಗೆ ಎಷ್ಟು, ಗೌರವ ಎಷ್ಟು ಎಂಬುದೆಲ್ಲ ಕ್ರಿಯಾಪದದ ಬಾಲದಲ್ಲಿದೆ. ಹಾಗಾಗಿ ಕೆಳಗಿನ ಕ್ರಮ ಆ ಬಾಲವನ್ನೇ ಹಿಡಿದು ಹೋಗುತ್ತದೆ.

ಮಾದರಿಗೆ ಐದು ಜನರನ್ನು ಇಟ್ಟುಕೊಳ್ಳೋಣ. ಮಗ್ಗದ ಮಲ್ಲಪ್ಪ, ಅವನ ತಾಯಿ ಗಂಗವ್ವ, ಹೆಂಡತಿ ಶಾಂತಾ, ಹತ್ತು ವರ್ಷದ ಮಗಳು ಸುಮಾ, ಮತ್ತು ಮಲ್ಲಪ್ಪನ ಜೊತೆ ಒಂದೇ ಬೆಂಚಿನ ಮೇಲೆ ಕೂತು ಓದಿ ಈಗ ನೂಲು ಕೊಟ್ಟು ಸೀರೆ ಕೊಳ್ಳುವ ಸಾವ್ಕಾರನಾಗಿರುವ ಈರಣ್ಣ. ಕಥೆ ಇಪ್ಪತ್ತು ಪುಟದ್ದು.

ಮೊದಲ ಹೆಜ್ಜೆ: ಜೋಡಿಗಳ ಪಟ್ಟಿ

ಏಕವಚನ, ಬಹುವಚನ ಪಾತ್ರಕ್ಕೆ ಸೇರಿದ್ದಲ್ಲ, ಜೋಡಿಗೆ ಸೇರಿದ್ದು. ಅದೂ ಒಂದು ದಿಕ್ಕಿನದು. ಶಾಂತಾ ಮಲ್ಲಪ್ಪನಿಗೆ ರಿ ಅನ್ನುತ್ತಾಳೆ, ಮಲ್ಲಪ್ಪ ಅವಳಿಗೆ ನೀ ಅನ್ನುತ್ತಾನೆ. ಆದ್ದರಿಂದ ಐದು ಜನರಿಗೆ ಇಪ್ಪತ್ತು ದಿಕ್ಕು ಆಗುತ್ತವೆ. ಹೆದರಬೇಕಾಗಿಲ್ಲ. ಕಥೆಯಲ್ಲಿ ನಿಜವಾಗಿ ಮಾತಾಡುವ ದಿಕ್ಕುಗಳನ್ನು ಮಾತ್ರ ಬರೆದುಕೊಳ್ಳಿ, ಹನ್ನೆರಡು–ಹದಿಮೂರಕ್ಕೆ ಮುಗಿಯುತ್ತದೆ.

ಪ್ರತಿ ದಿಕ್ಕಿಗೆ ಒಂದೇ ಉತ್ತರ ಬರೆದರೆ ಪಟ್ಟಿ ಕೆಲಸಕ್ಕೆ ಬರುವುದಿಲ್ಲ. ಎದುರಿಗೆ ಬೇರೆ, ಬೆನ್ನ ಹಿಂದೆ ಬೇರೆ. ಎದುರಿಗೆ ಇದ್ದಾಗಲೂ ಇಬ್ಬರೇ ಇದ್ದರೆ ಒಂದು, ಮೂರನೆಯವರು ಇದ್ದರೆ ಇನ್ನೊಂದು. ಮಲ್ಲಪ್ಪನಿಂದ ಈರಣ್ಣನ ಕಡೆಗಿನ ದಿಕ್ಕು ಹೀಗೆ ಬರುತ್ತದೆ:

ಇಬ್ಬರೇ ಇದ್ದಾಗ: ನೀ, ಲೇ, ಈರ್ಯಾ
ಗುಮಾಸ್ತ ಅಥವಾ ಗಿರಾಕಿ ಇದ್ದಾಗ: ರಿ, ಸಾವ್ಕಾರ್ರ
ಬೆನ್ನ ಹಿಂದೆ, ಹೆಂಡತಿ ಮುಂದೆ: ಅಂವ, ಬಂದಾನ
ಬೆನ್ನ ಹಿಂದೆ, ಮಗಳ ಮುಂದೆ: ಈರಣ್ಣ ಕಾಕಾ, ಬಂದಾರ
ತಿರುವು: ಪುಟ 17. ಆಮೇಲೆ ಇಬ್ಬರೇ ಇದ್ದರೂ ರಿ

ಮಗಳ ಮುಂದಿನ ಸಾಲನ್ನು ಹೆಚ್ಚಿನವರು ಮರೆಯುತ್ತಾರೆ. ಮಕ್ಕಳ ಜೊತೆ ಮಾತಾಡುವಾಗ ದೊಡ್ಡವರು ಮಕ್ಕಳ ಮೆಟ್ಟಿಲಿಗೆ ಇಳಿದು ನಿಲ್ಲುತ್ತಾರೆ. ‘ಕಾಕಾ ಬಂದಾರ ನೋಡು, ನೀರು ತಗೊಂಡ ಬಾ’ ಎಂದ ಮಲ್ಲಪ್ಪ ಮರುಕ್ಷಣ ಹೆಂಡತಿಯ ಕಡೆ ತಿರುಗಿ ‘ಅಂವ ಯಾಕ ಬಂದಾನೋ ಏನೋ’ ಅಂದರೆ ಅದು ಹೊಂದಾಣಿಕೆ ತಪ್ಪಿದ್ದಲ್ಲ, ಸರಿಯಾಗಿಯೇ ಇದೆ. ಪಟ್ಟಿ ಇಲ್ಲದೆ ತಿದ್ದುವವರು ಇಂಥದ್ದನ್ನೇ ಮೊದಲು ಕೆಡಿಸುವುದು.

ಹೆಸರಿನ ರೂಪಗಳನ್ನೂ ಪಟ್ಟಿಗೆ ಸೇರಿಸಿ. ಮಲ್ಲ್ಯಾ, ಮಲ್ಲಪ್ಪ, ಮಲ್ಲಪ್ಪನವರು ಎಂಬ ಮೂರು ರೂಪಕ್ಕೆ ಮೂರು ಅಂತರ. ಈರಣ್ಣ ಒಬ್ಬನೇ ಇದ್ದಾಗ ‘ಮಲ್ಲ್ಯಾ’ ಅಂದು, ಗುಮಾಸ್ತನ ಮುಂದೆ ‘ಮಲ್ಲಪ್ಪ’ ಅಂದರೆ ನೀ ಹಾಗೇ ಉಳಿದರೂ ಅಂತರ ಅರ್ಧ ಗೇಣು ಹೆಚ್ಚಾಗುತ್ತದೆ.

ಎರಡನೇ ಹೆಜ್ಜೆ: ಯಾರಿಗೆ ಏನು ಎಂಬ ತೀರ್ಮಾನ

ವಯಸ್ಸು ನೋಡಿ ವಚನ ಹಚ್ಚಬೇಡಿ. ನಮ್ಮ ಹಳ್ಳಿಗಳಲ್ಲಿ ಅವ್ವನಿಗೆ ನೀ, ಆಯಿಗೆ ನೀ, ವಿಜಯಪುರ ಕಡೆ ಎಂಬತ್ತರ ಮುತ್ಯಾಗೂ ನೀ. ‘ಯವ್ವಾ, ನೀ ಉಂಡ್ಯೇನ ಬೇ?’ ಎಂಬುದರಲ್ಲಿ ಅಗೌರವ ಎಳ್ಳಷ್ಟೂ ಇಲ್ಲ. ಸವದತ್ತಿಯ ಎಲ್ಲಮ್ಮನಿಗೂ, ಬಾದಾಮಿಯ ಬನಶಂಕರಿಗೂ ಭಕ್ತರು ನೀ ಅಂತಲೇ ಬೇಡಿಕೊಳ್ಳುತ್ತಾರೆ. ಇಂಥ ಮನೆಯ ಕಥೆಯಲ್ಲಿ ‘ಅವ್ವ ಬಂದರು’ ಅಂತ ಬರೆದರೆ ಗಂಗವ್ವ ಬೇರೆ ಯಾರದೋ ತಾಯಿಯಂತೆ ಕಾಣುತ್ತಾಳೆ. ಅಪ್ಪನ ವಿಷಯದಲ್ಲಿ ಮನೆ ಮನೆಗೆ ಬೇರೆ. ಕೆಲವು ಮನೆಯಲ್ಲಿ ‘ಅಪ್ಪಾ, ನೀ ಬಾ’, ಕೆಲವು ಮನೆಯಲ್ಲಿ ‘ಅಪ್ಪಾರ, ಬರ್ರಿ’. ಎರಡೂ ಸರಿ, ಒಂದೇ ಕಥೆಯಲ್ಲಿ ಒಂದೇ ಬಾಯಲ್ಲಿ ಎರಡೂ ಬರಬಾರದು. ‘ತಾವು’ ಮಾತ್ರ ಮಠದ ಅಪ್ಪಾರಿಗೆ, ಸಭೆಗೆ ಮೀಸಲು. ಮನೆಯೊಳಗೆ ಬಂದರೆ ನಾಟಕದ ಸಂಭಾಷಣೆ ಆಗುತ್ತದೆ.

ಇಲ್ಲಿ ಒಂದು ಜೋಡಿಯನ್ನು ಹತ್ತಿರದಿಂದ ನೋಡಬೇಕು: ಶಾಂತಾ ಮತ್ತು ಗಂಗವ್ವ. ಸೊಸೆ ಅತ್ತೆಗೆ ರಿ ಅನ್ನುತ್ತಾಳೆ ಅಂತ ಕಣ್ಣು ಮುಚ್ಚಿ ಬರೆದುಬಿಡುವುದು ಸುಲಭ. ಆದರೆ ಈ ಸೀಮೆಯಲ್ಲಿ ಸೋದರಸಂಬಂಧದ ಮದುವೆ ಬಹಳ. ಶಾಂತಾ ಗಂಗವ್ವನ ಅಣ್ಣನ ಮಗಳೇ ಆಗಿದ್ದರೆ? ಆಗ ಗಂಗವ್ವ ಅವಳಿಗೆ ಹುಟ್ಟಿದಾಗಿನಿಂದ ಅತ್ತಿ. ಮದುವೆಯಾದ ಮೇಲೂ ಅತ್ತಿ. ಕರೆಯುವ ಪದ ಒಂದೇ, ಅದರ ಹಿಂದೆ ಬರುವ ಬಾಲ ಮಾತ್ರ ಬೇರೆ:

‘ಅತ್ತೀ, ಉಣ್ಣಾಕ ಬರ್ರಿ.’ (ಹೊರಗಿನಿಂದ ಬಂದ ಸೊಸೆ)
‘ಅತ್ತೀ, ಉಣ್ಣಾಕ ಬಾ ಬೇ.’ (ಅಣ್ಣನ ಮಗಳು)

ಅತ್ತಿ ಎಂಬ ಪದ ಹುಡುಕಿ ಏನೂ ಪತ್ತೆಯಾಗುವುದಿಲ್ಲ. ಗಂಡನ ವಿಷಯ ಇನ್ನೂ ಸೂಕ್ಷ್ಮ. ಮಲ್ಲಪ್ಪ ಸೋದರತ್ತೆಯ ಮಗನಾದರೆ ಶಾಂತಾ ಲಂಗ–ಪೋಲ್ಕ ಹಾಕಿದ್ದಾಗ ಅವನ ಜೊತೆ ‘ನೀ ಬರ್ತಿಯೇನು?’ ಅಂತಲೇ ಆಡಿ ಬೆಳೆದಿದ್ದಾಳೆ. ಅಕ್ಕಿಕಾಳು ಬಿದ್ದ ಮೇಲೆ ಅದು ‘ಬರ್ತೀರೇನು?’ ಆಗಿದೆ. ಕಥೆಯಲ್ಲಿ ಬಾಲ್ಯದ ನೆನಪು ಒಂದು ಕಡೆ ಬಂದರೆ ಅಲ್ಲಿ ನೀ ಇರಲೇಬೇಕು. ಅಲ್ಲೂ ರಿ ಹಾಕಿದರೆ ಹನ್ನೆರಡು ವರ್ಷದ ಹುಡುಗಿ ಹನ್ನೆರಡು ವರ್ಷದ ಹುಡುಗನಿಗೆ ಯಜಮಾನರಂತೆ ಮರ್ಯಾದೆ ಕೊಟ್ಟಂತಾಗುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಶಾಂತಾಳ ಸಾಲಿನ ಪಕ್ಕ ‘ಅಣ್ಣನ ಮಗಳೋ, ಹೊರಗಿನವಳೋ’ ಎಂಬುದನ್ನು ಮೊದಲು ತೀರ್ಮಾನಿಸಿ. ಕಥೆಯಲ್ಲಿ ಅದನ್ನು ಹೇಳದೇ ಇದ್ದರೂ ಬರೆಯುವವರಿಗೆ ಗೊತ್ತಿರಬೇಕು. ಈ ಮಾದರಿಯಲ್ಲಿ ಅವಳು ಹೊರಗಿನವಳು ಅಂತಿಟ್ಟುಕೊಂಡು ಮುಂದುವರಿಯೋಣ.

ಮೂರನೇ ಹೆಜ್ಜೆ: ಎರಡು ಗೌರವಗಳನ್ನು ಬೇರೆ ಮಾಡುವುದು

ಅಡುಗೆಮನೆಯಲ್ಲಿ ಶಾಂತಾ ಅತ್ತೆಗೆ ಹೇಳುತ್ತಾಳೆ: ‘ಅವ್ರು ಇನ್ನೂ ಉಂಡಿಲ್ರಿ.’ ಈ ಒಂದು ಮಾತಿನಲ್ಲಿ ಗೌರವ ಎರಡು ಕಡೆ ಹೋಗುತ್ತಿದೆ. ‘ಅವ್ರು’ ಗಂಡನಿಗೆ, ಬಾಲದ ‘ರಿ’ ಕೇಳಿಸಿಕೊಳ್ಳುತ್ತಿರುವ ಅತ್ತೆಗೆ. ಇವೆರಡನ್ನೂ ಒಂದೇ ಎಂದು ಭಾವಿಸಿ ತಿದ್ದುವುದರಿಂದ ಅರ್ಧಕ್ಕರ್ಧ ತಪ್ಪು ಹುಟ್ಟುತ್ತವೆ. ನಾಲ್ಕು ಸಾಲು ಪಕ್ಕಪಕ್ಕ ಇಟ್ಟು ಓದಿ:

‘ಅಂವ ಬಂದಾನೋ.’ ಬಂದವನೂ ಸಲಿಗೆ, ಕೇಳುವವನೂ ಸಲಿಗೆ.
‘ಅಂವ ಬಂದಾನ್ರಿ.’ ಬಂದವನು ಸಲಿಗೆ, ಕೇಳುವವರಿಗೆ ಗೌರವ.
‘ಅವ್ರು ಬಂದಾರೋ.’ ಬಂದವರಿಗೆ ಗೌರವ, ಕೇಳುವವನು ಸಲಿಗೆ.
‘ಅವ್ರು ಬಂದಾರ್ರಿ.’ ಇಬ್ಬರಿಗೂ ಗೌರವ.

ಬಂದಾನ, ಬಂದಾರ ಇವುಗಳ ನಡುವೆ ಇರುವುದು ಒಂದೇ ಅಕ್ಷರ. ಅಚ್ಚಿನಲ್ಲಿ ಕಣ್ಣು ಅದನ್ನು ಹಾರಿ ಹೋಗುತ್ತದೆ, ಕಿವಿ ಹಾರುವುದಿಲ್ಲ. ಈ ಕಾರಣಕ್ಕೆ ಸಂಭಾಷಣೆ ತಿದ್ದುವಾಗ ಬಾಯಿಬಿಟ್ಟು ಓದದೆ ಗತಿಯಿಲ್ಲ.

ಪ್ರತಿ ಮಾತಿಗೂ ಎರಡು ಪ್ರಶ್ನೆ ಹಾಕಿಕೊಳ್ಳಿ: ಯಾರ ಬಗ್ಗೆ? ಯಾರಿಗೆ? ಎರಡಕ್ಕೂ ಪಟ್ಟಿಯಲ್ಲಿ ಬೇರೆ ಬೇರೆ ಸಾಲು ಇರಬೇಕು.

ನಾಲ್ಕನೇ ಹೆಜ್ಜೆ: ಪುಟದ ಪ್ರಕಾರ ಅಲ್ಲ, ಜೋಡಿಯ ಪ್ರಕಾರ ಓದುವುದು

ಕಥೆಯನ್ನು ಮೊದಲಿಂದ ಕೊನೆಗೆ ಓದಿದರೆ ಹೊಂದಾಣಿಕೆ ತಪ್ಪಿದ್ದು ಸಿಗುವುದಿಲ್ಲ, ಏಕೆಂದರೆ ನಡುವೆ ಬೇರೆ ಜೋಡಿಗಳ ಮಾತು ಬಂದು ಕಿವಿ ಬದಲಾಗಿರುತ್ತದೆ. ಒಂದು ಜೋಡಿಯ ಮಾತುಗಳನ್ನಷ್ಟೇ, ಪುಟಸಂಖ್ಯೆ ಸಮೇತ, ಬೇರೆ ಕಡತಕ್ಕೆ ನಕಲು ಮಾಡಿ ಒಟ್ಟಿಗೆ ಓದಿ. ಮಲ್ಲಪ್ಪ–ಈರಣ್ಣರ ಮಾತು ಇಪ್ಪತ್ತು ಪುಟದ ಕಥೆಯಲ್ಲಿ ಹೆಚ್ಚೆಂದರೆ ಎರಡು ಪುಟ ಆಗುತ್ತದೆ. ನಾಲ್ಕನೇ ಪುಟದ ‘ಬಾರಲೇ’ ಮತ್ತು ಒಂಬತ್ತನೇ ಪುಟದ ‘ಕೊಡ್ತೀರಿ’ ಈಗ ಒಂದರ ಕೆಳಗೊಂದು ಕೂತಿರುತ್ತವೆ.

ಒಂಬತ್ತನೇ ಪುಟದ ಆ ಭಾಗ ಕರಡಿನಲ್ಲಿ ಹೀಗಿತ್ತು ಅಂತಿಟ್ಟುಕೊಳ್ಳಿ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲ.

ಮಲ್ಲಪ್ಪ ಮೆಟ್ಟಿಲು ಹತ್ತಿದಾಗ ಈರಣ್ಣ ಗಾದಿಯ ಮೇಲೆ ಒಬ್ಬನೇ ಕೂತಿದ್ದರು. ಗುಮಾಸ್ತ ಊಟಕ್ಕೆ ಹೋಗಿದ್ದ.
‘ಏನಲೇ ಈರ್ಯಾ, ನೂಲು ಬಂದೈತೇನು?’
‘ಬಂದೈತಿ, ಬರ್ರಿ, ಕುಂದ್ರು. ನಿಮ್ಮವ್ವ ಹ್ಯಾಂಗ ಅದಾಳ?’
‘ಅರಾಮ ಅದಾಳ. ನಿಮ್ಮನ್ನ ನೆನಸ್ತಿರ್ತಾಳ. ಹ್ವಾದ ವಾರದ ಸೀರಿ ರೊಕ್ಕ ಯಾವಾಗ ಕೊಡ್ತೀರಿ?’
ಈರಣ್ಣ ತಮ್ಮ ಚಷ್ಮಾ ತೆಗೆದು ಒರೆಸಿಕೊಂಡ.
‘ಇನ್ನೊಂದ ವಾರ ತಡಿಯೋ ಮಲ್ಲ್ಯಾ.’

ಒಂದೊಂದಾಗಿ ನೋಡೋಣ. ‘ಒಬ್ಬನೇ ಕೂತಿದ್ದರು’: ಒಬ್ಬನೇ ಎಂಬುದು ಏಕವಚನ, ಕೂತಿದ್ದರು ಬಹುವಚನ. ನಿರೂಪಣೆ ಈರಣ್ಣನನ್ನು ಅವನು ಅನ್ನುತ್ತದೆಂದು ತೀರ್ಮಾನಿಸಿದ್ದರೆ ‘ಕೂತಿದ್ದ’ ಆಗಬೇಕು. ‘ಬರ್ರಿ, ಕುಂದ್ರು’: ಬರ್ರಿ ತಪ್ಪು, ‘ಬಾ’ ಆಗಬೇಕು. ಕುಂದ್ರು ಸರಿ, ಅದರ ರು ಧಾತುವಿನದೇ ಹೊರತು ಗೌರವದ್ದಲ್ಲ. ಗೌರವಕ್ಕೆ ಅದು ಕುಂದ್ರ್ರಿ ಆಗುತ್ತದೆ. ‘ನಿಮ್ಮನ್ನ’ ಮತ್ತು ‘ಕೊಡ್ತೀರಿ’ ಎರಡೂ ಜಾರಿದವು. ನಿನ್ನ, ಕೊಡ್ತಿ ಆಗಬೇಕು. ‘ತಮ್ಮ ಚಷ್ಮಾ’ ಮತ್ತು ‘ಒರೆಸಿಕೊಂಡ’ ಕೂಡುವುದಿಲ್ಲ. ‘ತನ್ನ’ ಆಗಬೇಕು.

ಉಳಿದದ್ದು ‘ನಿಮ್ಮವ್ವ’. ಇದನ್ನು ಮುಟ್ಟಬೇಡಿ. ಅವ್ವ, ಅಪ್ಪ, ಮನಿ, ಊರು ಒಬ್ಬರ ಸೊತ್ತಲ್ಲ, ಇಡೀ ಮನೆಯವರದು ಎಂಬ ಲೆಕ್ಕದಲ್ಲಿ ನೀ ಅನ್ನುವವನಿಗೂ ‘ನಿಮ್ಮವ್ವ’, ‘ನಿಮ್ಮ ಮನಿ’, ‘ನಿಮ್ಮೂರು’ ಅಂತಲೇ ಹೇಳುತ್ತೇವೆ. ಹತ್ತು ವರ್ಷದ ಸುಮಾಳಿಗೂ ‘ನಿಮ್ಮಪ್ಪ ಎಲ್ಲಿ ಹೋಗ್ಯಾನ?’ ಅಂತಲೇ ಕೇಳುವುದು. ಇಲ್ಲಿ ‘ನಿನ್ನವ್ವ’ ಅಂತ ತಿದ್ದಿದರೆ ಬೈಗುಳದ ಹತ್ತಿರ ಹೋಗುತ್ತದೆ. ಹುಡುಕಿ–ಬದಲಿಸುವ ಆಜ್ಞೆಯನ್ನು ಒಮ್ಮೆಲೇ ಇಡೀ ಕಡತಕ್ಕೆ ಕೊಡಬಾರದೆನ್ನಲು ಇದೊಂದೇ ಪದ ಸಾಕು. ತಿದ್ದಿದ ಮೇಲೆ:

ಮಲ್ಲಪ್ಪ ಮೆಟ್ಟಿಲು ಹತ್ತಿದಾಗ ಈರಣ್ಣ ಗಾದಿಯ ಮೇಲೆ ಒಬ್ಬನೇ ಕೂತಿದ್ದ. ಗುಮಾಸ್ತ ಊಟಕ್ಕೆ ಹೋಗಿದ್ದ.
‘ಏನಲೇ ಈರ್ಯಾ, ನೂಲು ಬಂದೈತೇನು?’
‘ಬಂದೈತಿ, ಬಾ, ಕುಂದ್ರು. ನಿಮ್ಮವ್ವ ಹ್ಯಾಂಗ ಅದಾಳ?’
‘ಅರಾಮ ಅದಾಳ. ನಿನ್ನ ನೆನಸ್ತಿರ್ತಾಳ. ಹ್ವಾದ ವಾರದ ಸೀರಿ ರೊಕ್ಕ ಯಾವಾಗ ಕೊಡ್ತಿ?’
ಈರಣ್ಣ ತನ್ನ ಚಷ್ಮಾ ತೆಗೆದು ಒರೆಸಿಕೊಂಡ.
‘ಇನ್ನೊಂದ ವಾರ ತಡಿಯೋ ಮಲ್ಲ್ಯಾ.’

ಐದನೇ ಹೆಜ್ಜೆ: ಬದಲಾಗಲೇಬೇಕಾದ ಕಡೆ

ಹದಿನೇಳನೇ ಪುಟದಲ್ಲಿ ಇಬ್ಬರಿಗೂ ಮನಸ್ಸು ಮುರಿದಿದೆ. ಹತ್ತೊಂಬತ್ತನೇ ಪುಟದಲ್ಲಿ ಅದೇ ಗಾದಿ, ಅದೇ ಊಟದ ಹೊತ್ತು, ಬೇರೆ ಯಾರೂ ಇಲ್ಲ.

‘ನೂಲು ತಗೊಂಡ ಹೋಗೋ ಮಲ್ಲ್ಯಾ.’
‘ಬ್ಯಾಡ್ರಿ ಸಾವ್ಕಾರ್ರ. ಲೆಕ್ಕ ಮುಗಿಸಿ ಬಿಡ್ರಿ.’

ಸಿಟ್ಟಿನ ಒಂದು ಪದವೂ ಇಲ್ಲ, ಪೆಟ್ಟು ಮಾತ್ರ ಬಿದ್ದಿದೆ. ಗುಮಾಸ್ತನ ಮುಂದೆ ಆಡುತ್ತಿದ್ದ ರಿ ಬರೀ ರಿವಾಜು. ಇಬ್ಬರೇ ಇದ್ದಾಗ ಬಂದ ರಿ ಬಾಗಿಲು ಹಾಕಿಕೊಂಡಂತೆ. ಒಂಬತ್ತನೇ ಪುಟದಲ್ಲಿ ‘ಕೊಡ್ತೀರಿ’ ಉಳಿದಿದ್ದರೆ ಇಲ್ಲಿನ ‘ಬಿಡ್ರಿ’ಗೆ ಯಾವ ಬೆಲೆಯೂ ಇರುತ್ತಿರಲಿಲ್ಲ, ಏಕೆಂದರೆ ಓದುವವರು ಅದನ್ನು ಆಗಲೇ ಕೇಳಿರುತ್ತಿದ್ದರು. ಈರಣ್ಣ ಇನ್ನೂ ‘ಹೋಗೋ’ ಅನ್ನುತ್ತಿರುವುದನ್ನೂ ಗಮನಿಸಿ. ವಚನ ಬದಲಿಸುವಾಗ ಒಬ್ಬರು ಮೊದಲು ಬದಲಿಸುತ್ತಾರೆ, ಇನ್ನೊಬ್ಬರು ಸ್ವಲ್ಪ ಹೊತ್ತು ಹಳೆಯದರಲ್ಲೇ ಇರುತ್ತಾರೆ. ಇಬ್ಬರನ್ನೂ ಒಂದೇ ಸಾಲಿನಲ್ಲಿ ಬದಲಿಸಿದರೆ ಒಪ್ಪಂದ ಮಾಡಿಕೊಂಡಂತೆ ಕಾಣುತ್ತದೆ. ‘ಇದೇನಲೇ, ನನಗ ರಿ ಅಂತೀ?’ ಅಂತ ಈರಣ್ಣನ ಬಾಯಲ್ಲಿ ಹೇಳಿಸುವ ಆಸೆ ಬಂದೇ ಬರುತ್ತದೆ. ಕನ್ನಡದವರು ಓದುವ ಕಥೆಗೆ ಅದು ಬೇಡ, ಅವರಿಗೆ ಕೇಳಿಸಿರುತ್ತದೆ.

ಉಲ್ಟಾ ದಾರಿ, ಅಂದರೆ ರಿಯಿಂದ ನೀಗೆ ಇಳಿಯುವುದು, ಹೀಗೆ ಒಂದೇ ಏಟಿಗೆ ಆಗುವುದಿಲ್ಲ. ನಡುವೆ ಜನ ವಚನವನ್ನೇ ತಪ್ಪಿಸಿ ಮಾತಾಡುತ್ತಾರೆ: ‘ಊಟ ಆತೇನು?’, ‘ಇಲ್ಲೇ ಕುಂದ್ರೂದು’, ‘ನಾಳೆ ಬಂದ್ರ ಚಲೋ ಆಕ್ಕೈತಿ’. ನಾಲ್ಕೈದು ಮಾತು ಹೀಗೆ ಯಾವ ಕಡೆಗೂ ವಾಲದೆ ನಡೆದು, ಆಮೇಲೆ ಒಂದು ನೀ ಬಂದರೆ ಸಹಜವಾಗಿರುತ್ತದೆ.

ಇನ್ನೊಂದು ಬಗೆಯ ಬದಲಾವಣೆ ಕೊಂಕಿನದು. ಸೊಸೆಗೆ ಸದಾ ನೀ ಅನ್ನುವ ಗಂಗವ್ವ ಒಂದು ದಿನ ಹೊತ್ತೇರಿದ ಮೇಲೆ ‘ಎದ್ರೇನ್ರಿ ಸೊಸಿಯಾರ? ಬಿಸಿಲು ಮಾಳಗಿ ಮ್ಯಾಲ ಬಂತ್ರಿ’ ಅಂದರೆ ಅದು ಮರ್ಯಾದೆಯಲ್ಲ. ಇಂಥ ಸಾಲುಗಳ ಪಕ್ಕ ಕರಡಿನಲ್ಲೇ ‘ಕೊಂಕು, ತಿದ್ದಬೇಡ’ ಅಂತ ಬರೆದಿಡಿ. ಆರು ತಿಂಗಳ ನಂತರ ನಿಮಗೇ ಅದು ತಪ್ಪಿನಂತೆ ಕಂಡೀತು. ಹಾಗೆಯೇ ಶಾಂತಾ ಸಿಟ್ಟಿನಲ್ಲಿ ಗಂಡನಿಗೆ ರಿ ಬಿಟ್ಟು ನೀ ಅನ್ನುವುದೂ ಉಂಟು. ಕಥೆಯಲ್ಲಿ ಅದು ಒಮ್ಮೆ ಮಾತ್ರ ಬರಲಿ, ಎರಡನೇ ಸಲಕ್ಕೆ ಅದೇ ಅವಳ ರೂಢಿಯಾಗಿ ಕಾಣುತ್ತದೆ.

ಆರನೇ ಹೆಜ್ಜೆ: ನಿರೂಪಣೆಯ ವಚನ

ಪಾತ್ರಗಳು ಒಬ್ಬರನ್ನೊಬ್ಬರು ಏನನ್ನುತ್ತಾರೆ ಎಂಬುದು ಒಂದು, ಕಥೆ ಹೇಳುವ ದನಿ ಅವರನ್ನು ಏನನ್ನುತ್ತದೆ ಎಂಬುದು ಇನ್ನೊಂದು. ಮಲ್ಲಪ್ಪ ಈರಣ್ಣನಿಗೆ ಗುಮಾಸ್ತನ ಮುಂದೆ ರಿ ಅಂದನೆಂದು ನಿರೂಪಣೆಯೂ ‘ಈರಣ್ಣ ನಕ್ಕರು’ ಅನ್ನಬೇಕಾಗಿಲ್ಲ. ನಿರೂಪಣೆ ಒಬ್ಬೊಬ್ಬರಿಗೆ ಒಂದೊಂದು ಆಯ್ದುಕೊಂಡು ಕೊನೆತನಕ ಅದನ್ನೇ ಹಿಡಿಯಲಿ.

ಗಂಗವ್ವನಿಗೆ ‘ಅವರು’ ಹಚ್ಚುವ ಮುಂಚೆ ಯೋಚಿಸಿ. ಅವರು ಅಂದ ಕೂಡಲೇ ಹೆಣ್ಣೋ ಗಂಡೋ, ಒಬ್ಬರೋ ಹಲವರೋ ಎಂಬುದು ಮಾಯವಾಗುತ್ತದೆ. ‘ಗಂಗವ್ವ, ಶಾಂತಾ ಒಲೆ ಮುಂದೆ ಕೂತಿದ್ದರು. ಅವರು ಎದ್ದರು’ ಅಂದರೆ ಎದ್ದವರು ಎಷ್ಟು ಜನ? ಜೊತೆಗೆ ಕ್ರಿಯಾಪದ, ತಮ್ಮ, ಒಬ್ಬರೇ, ನಿಂತವರು ಎಲ್ಲವನ್ನೂ ಬದಲಿಸಬೇಕು. ಒಂದು ಮರೆತರೂ ‘ಬಾಗಿಲಲ್ಲಿ ನಿಂತವಳು ಗಂಗವ್ವನವರು’ ಎಂಬಂಥ ಸಾಲು ಉಳಿದುಬಿಡುತ್ತದೆ. ಇದಕ್ಕಿಂತ ಗಂಗವ್ವನಿಗೆ ‘ಆಕೆ’, ಶಾಂತಾಳಿಗೆ ‘ಅವಳು’ ಅಂತ ಹಂಚಿಕೊಳ್ಳುವುದು ಜಾಣತನ. ಆಕೆ ಬಂದಳು, ಅವಳು ಬಂದಳು: ಕ್ರಿಯಾಪದ ಬದಲಾಗುವುದಿಲ್ಲ, ಹಿರಿಯಳಿಗೆ ಒಂದಿಷ್ಟು ಮರ್ಯಾದೆಯೂ ಸಿಗುತ್ತದೆ, ಒಂದೇ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರಿದ್ದರೂ ಯಾರು ಯಾರೆಂಬುದು ತಿಳಿಯುತ್ತದೆ. ಗಂಡಸರಿಗೆ ಆತ, ಅವನು ಹೀಗೆಯೇ.

ಇಲ್ಲಿ ಒಂದು ಬಲೆ ಇದೆ. ನಿರೂಪಣೆಯ ‘ಆಕೆ’ಗೆ ಇರುವ ಮರ್ಯಾದೆ ನಮ್ಮ ಆಡುಮಾತಿನ ‘ಅಕಿ’ಗೆ ಇಲ್ಲ. ಅಕಿ ಅಂದರೆ ಬರೀ ಅವಳು, ಸುಮಾಳೂ ಅಕಿಯೇ. ಸಂಭಾಷಣೆಯಲ್ಲಿ ‘ಅಕಿ ಎಲ್ಲಿ ಹೋದ್ಳು?’ ಇದ್ದದ್ದನ್ನು ಶುದ್ಧ ಮಾಡುತ್ತೇನೆಂದು ‘ಆಕೆ’ ಮಾಡಿದರೆ ಒಂದು ಮೆಟ್ಟಿಲು ಏರಿಸಿದಂತಾಗುತ್ತದೆ.

ಕಥೆಯನ್ನು ಸುಮಾಳ ಕಣ್ಣಿನಿಂದ ಹೇಳುವುದಾದರೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಆಗ ನಿರೂಪಣೆಯೂ ಅವಳ ಪಟ್ಟಿಯ ಪ್ರಕಾರವೇ: ಅಪ್ಪ ಬಂದ, ಆಯಿ ಬಂದಳು, ಈರಣ್ಣ ಕಾಕಾ ಬಂದರು.

ಏಳನೇ ಹೆಜ್ಜೆ: ಗಣಕದಲ್ಲಿ ಹುಡುಕುವುದು

ಇದು ಕೊನೆಯ ಜರಡಿ, ಮೊದಲನೆಯದಲ್ಲ. ರೆಗ್ಯುಲರ್ ಎಕ್ಸ್‌ಪ್ರೆಶನ್ ಹುಡುಕಾಟ ಇರುವ ತಂತ್ರಾಂಶದಲ್ಲಿ ಬಹುವಚನದ ಕುರುಹುಗಳನ್ನು ಹೀಗೆ ಹಿಡಿಯಬಹುದು:

```
ನೀವ|ನಿಮ್|ನಿಮಗ|ತೀರ|್ರಿ
```

‘್ರಿ’ ಎಂಬುದು ಹೌದ್ರಿ, ಬಂದ್ರಿ, ಹೇಳ್ರಿ, ಬರ್ರಿ ಎಲ್ಲವನ್ನೂ ತರುತ್ತದೆ. ಜೊತೆಗೆ ರಾತ್ರಿ, ಮಂತ್ರಿ, ಪ್ರಿಯ ಕೂಡ ಬರುತ್ತವೆ, ದಾಟಿ ಹೋಗಿ. ‘ತಗೋರಿ’, ‘ಉಂಡ್ರೇನು’, ‘ಬನ್ನಿ’ ಇದರಲ್ಲಿ ಸಿಗುವುದಿಲ್ಲ, ಅವನ್ನು ಬೇರೆಯಾಗಿ ಹುಡುಕಿ. ಹಾಗೆ ನೋಡಿದರೆ ಇಳಕಲ್ಲಿನ ಬಾಯಲ್ಲಿ ‘ಬನ್ನಿ’ ಸಿಕ್ಕರೆ ಅದೇ ಒಂದು ತಪ್ಪು. ಒಂದೇ ಪಾತ್ರ ಒಮ್ಮೆ ಬರ್ರಿ, ಒಮ್ಮೆ ಬನ್ನಿ ಅಂದರೆ ಎರಡನೆಯದು ಪುಸ್ತಕದ ಮಾತಾಗಿ ಕೇಳಿ, ಇದ್ದಕ್ಕಿದ್ದಂತೆ ದೂರ ಸರಿದಂತಾಗುತ್ತದೆ. ‘ಕಣೋ’, ‘ಕಣ್ರೀ’ ಕೂಡ ಈ ಕಡೆಯವಲ್ಲ. ರಿ, ರೀ ಎಂಬ ಬರಹದಲ್ಲೂ ಒಂದು ನಿಯಮ ಇರಲಿ: ಪದಕ್ಕೆ ಅಂಟಿದಾಗ ಹ್ರಸ್ವ, ಕರೆಯುವಾಗ ಮಾತ್ರ ದೀರ್ಘ.

ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಯಿಂದ ಯುನಿಕೋಡಿಗೆ ಬದಲಿಸಿದ ಕಡತವಾದರೆ ಕಣ್ಣೆದುರು ‘ನೀವು’ ಇದ್ದರೂ ಹುಡುಕಾಟಕ್ಕೆ ಸಿಗದೇ ಹೋಗಬಹುದು. ದೀರ್ಘದ ಗುರುತು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಗುಡಿಸು ಮತ್ತು ದೀರ್ಘ ಎಂಬ ಎರಡು ಸಂಕೇತವಾಗಿಯೂ ಇರಬಹುದು. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಅನುಮಾನ ಬಂದರೆ ಪದವನ್ನು ಕೀಲಿಮಣೆಯಲ್ಲಿ ಒತ್ತದೆ, ಕಡತದೊಳಗಿನ ಪದವನ್ನೇ ನಕಲು ಮಾಡಿ ಹುಡುಕುವ ಚೌಕದಲ್ಲಿ ಅಂಟಿಸಿ.

ಸಿಕ್ಕ ಪ್ರತಿಯೊಂದಕ್ಕೂ ಮೂರು ಸಾಧ್ಯತೆ: ನಿಜವಾದ ಗೌರವ, ನಿಜವಾದ ಬಹುವಚನ, ಅಥವಾ ನಿಮ್ಮವ್ವನಂಥ ಮನೆಯ ಲೆಕ್ಕ. ಗಂಗವ್ವ ಮಗ ಮತ್ತು ಮೊಮ್ಮಗಳಿಬ್ಬರಿಗೂ ಸೇರಿಸಿ ‘ಉಣ್ಣಾಕ ಬರ್ರಿ’ ಅಂದದ್ದನ್ನು ‘ಬಾ’ ಮಾಡಿದರೆ ಒಬ್ಬರು ಉಪವಾಸ.

ಅಚ್ಚಿಗೆ ಕೊಡುವ ಮುಂಚೆ

ಇಬ್ಬರು ಎದುರುಬದುರು ಕೂತು ಜೋಡಿಯ ಕಡತಗಳನ್ನು ಜೋರಾಗಿ ಓದಬೇಕು. ಒಬ್ಬರು ಮಲ್ಲಪ್ಪ, ಒಬ್ಬರು ಈರಣ್ಣ. ಓದುವವರಲ್ಲಿ ಒಬ್ಬರಾದರೂ ಆ ಸೀಮೆಯ ಮಾತು ಆಡುವವರಾಗಿರಲಿ. ಬೆಳಗಾವಿ ಪಟ್ಟಣದವರಿಗೆ ‘ವೈನಿ, ಬರ್ರಿ’ ಸಹಜ, ಹುನಗುಂದ ಕಡೆಯ ಹಳ್ಳಿಯಲ್ಲಿ ಅಣ್ಣನ ಹೆಂಡತಿಯನ್ನು ಕರೆಯುವ ಬಗೆ ಬೇರೆಯಿರಬಹುದು. ನಾಲಿಗೆ ಎಲ್ಲಿ ತಡೆಯುತ್ತದೋ ಅಲ್ಲಿ ಗೆರೆ ಎಳೆಯಿರಿ, ತಕ್ಷಣ ತಿದ್ದಬೇಡಿ. ಓದಿ ಮುಗಿದ ಮೇಲೆ ಪಟ್ಟಿ ತೆಗೆದು ತಾಳೆ ನೋಡಿ. ಕೆಲವು ಸಲ ತಪ್ಪು ಮಾತಿನಲ್ಲಿರುವುದಿಲ್ಲ, ಪಟ್ಟಿಯಲ್ಲೇ ಇರುತ್ತದೆ. ಮಲ್ಲಪ್ಪ ಅಂಗಡಿಯಲ್ಲಿ ಈರಣ್ಣನಿಗೆ ರಿ ಅನ್ನುವುದೇ ಆ ಇಬ್ಬರ ಸ್ವಭಾವಕ್ಕೆ ಒಗ್ಗುತ್ತಿಲ್ಲ ಅಂತ ಓದುವಾಗ ಗೊತ್ತಾಗಬಹುದು. ಆಗ ಪಟ್ಟಿ ಬದಲಿಸಿ, ಆ ಜೋಡಿಯ ಕಡತವನ್ನು ಮೊದಲಿಂದ ನೋಡಿ.

ಕೊನೆಗೆ ಆ ಪಟ್ಟಿಯ ಒಂದು ಪ್ರತಿಯನ್ನು ಹಸ್ತಪ್ರತಿಯ ಮೇಲೆ ಪಿನ್ ಮಾಡಿ ಕೊಡಿ. ಕರಡು ತಿದ್ದುವವರು ಒಳ್ಳೆಯ ಮನಸ್ಸಿನಿಂದಲೇ ‘ಅತ್ತೀ, ಬರ್ರಿ’ ಇದ್ದಲ್ಲಿ ‘ಅತ್ತೆ, ಬನ್ನಿ’ ಮಾಡುತ್ತಾರೆ, ಗಂಗವ್ವನ ಕೊಂಕಿನ ‘ಸೊಸಿಯಾರ’ವನ್ನು ‘ಸೊಸೆ’ ಮಾಡುತ್ತಾರೆ. ಪಟ್ಟಿಯ ತಲೆಗೆ ದಪ್ಪ ಅಕ್ಷರದಲ್ಲಿ ಬರೆದಿರಲಿ: ಪುಟ 19ರ ಎರಡು ರಿಗಳನ್ನು ತೆಗೆಯಬಾರದು, ಪುಟ 9ರಲ್ಲಿ ಒಂದನ್ನೂ ಸೇರಿಸಬಾರದು.